ಓದಿ ಮರಳಿಸಿದ ಪುಸ್ತಕ

2022ರ ಬೇಸಗೆಯಲ್ಲಿ ನನ್ನ ಅಕ್ಕನ ಮಗ ಶ್ರೀಧರ ಎರಡು ವಾರ ನಮ್ಮ ಮನೆಯಲ್ಲಿದ್ದ. ಹಗಲೆಲ್ಲ ಅವನಿಗೆ ಕಚೇರಿಯ ಕೆಲಸ. ರಾತ್ರಿ ಊಟವಾದ ಮೇಲೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಮೊಬೈಲ್ ಫೋನಿನಲ್ಲಿ ಕಾದಂಬರಿ ಓದುತ್ತಿದ್ದ. ದೀಪ ಆರಿಸಿ ನಾವೆಲ್ಲ ಮಲಗಿದ ಮೇಲೂ ಅವನ ಮುಖದ ಮೇಲೆ ಆ ಪುಟ್ಟ ಬೆಳಕು ಉರಿಯುತ್ತಲೇ ಇರುತ್ತಿತ್ತು. ಒಂದು ಬೆಳಗ್ಗೆ ಕಾಫಿಯ ಹೊತ್ತಿಗೆ, ರಾತ್ರಿ ಓದುತ್ತಿದ್ದ ಪುಸ್ತಕ ಮುಗಿಯಿತೇ ಎಂದು ಕೇಳಿದೆ.

“ಮುಗಿಯಿತು ಮಾವ. ಬಹಳ ಚೆನ್ನಾಗಿತ್ತು. ಹಿಂದಿರುಗಿಸಿಯೂ ಬಿಟ್ಟೆ” ಎಂದ.

“ಲೈಬ್ರರಿಯದೇನೋ?”

“ಅಲ್ಲ, ಅಂಗಡಿಯದೇ. ಮೊನ್ನೆ ಕೊಂಡದ್ದು. ಏಳು ದಿನದೊಳಗೆ ಬೇಡವೆಂದರೆ ದುಡ್ಡು ವಾಪಸು ಕೊಡುತ್ತಾರೆ.”

“ಬೇಡವೆಂದೆಯಾ? ಚೆನ್ನಾಗಿತ್ತು ಎಂದೆಯಲ್ಲ!”

ಅವನು ನಕ್ಕ. “ಅವರೇ ಗುಂಡಿ ಇಟ್ಟಿದ್ದಾರೆ ಮಾವ. ನಾನು ಒತ್ತಿದೆ, ಅಷ್ಟೆ. ನಿಯಮ ಮುರಿದೆನೇ? ಯಾರದಾದರೂ ವಸ್ತು ಕದ್ದೆನೇ? ಕಾಗದವಿಲ್ಲ, ಮಸಿಯಿಲ್ಲ, ಸಾಗಣೆಯಿಲ್ಲ. ನಷ್ಟವಾದರೂ ಯಾರಿಗೆ?”

ಶ್ರೀಧರ ಒಳ್ಳೆಯ ಹುಡುಗ. ಹಾಲಿನವನು ಲೆಕ್ಕ ತಪ್ಪಿ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಓಡಿಹೋಗಿ ಕೊಟ್ಟು ಬರುವವನು. ಆದ್ದರಿಂದಲೇ ಅವನ ಪ್ರಶ್ನೆ ನನ್ನನ್ನು ಕಾಡಿತು. ಕಳ್ಳನ ವಾದಕ್ಕೆ ಉತ್ತರ ಹೇಳುವುದು ಸುಲಭ. ಪ್ರಾಮಾಣಿಕನ ವಾದಕ್ಕೆ ಕಷ್ಟ. ಆ ಬೆಳಗ್ಗೆ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಈ ವಿಷಯವಾಗಿ ಓದಿ, ವಿಚಾರಿಸಿ, ಕೊನೆಗೆ ನಾನೇ ಒಂದು ಸಲ ಎಡವಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿಂದಿರುಗಿಸುವುದು ಎಂಬ ಮಾತನ್ನೇ ನೋಡೋಣ. ಚಿಕ್ಕಪೇಟೆಯಲ್ಲಿ ಕೊಂಡ ಸೀರೆಯ ಅಂಚು ಮನೆಗೆ ಬಂದ ಮೇಲೆ ಹಿಡಿಸಲಿಲ್ಲ. ಮಡಿಕೆ ಮುರಿಯದೆ ತೆಗೆದುಕೊಂಡು ಹೋಗಿ ಕೊಟ್ಟೆವು. ಅಂಗಡಿಯವನು ಗೊಣಗಿಕೊಂಡೋ ನಗುತ್ತಲೋ ಹಣ ಕೊಟ್ಟ, ಇಲ್ಲವೆ ಬೇರೊಂದು ಸೀರೆ ಕೊಟ್ಟ. ಇಲ್ಲಿ ಮೂರು ಸಂಗತಿ ನಡೆದಿವೆ. ಸೀರೆ ನಮ್ಮ ಕೈ ಬಿಟ್ಟಿತು. ಅದು ಅಂಗಡಿಯ ಕಪಾಟಿಗೆ ಮೊದಲಿನಂತೆಯೇ ಸೇರಿತು. ನಾಳೆ ಬೇರೊಬ್ಬರು ಅದನ್ನು ಕೊಳ್ಳಬಹುದು. ವ್ಯಾಪಾರ ನಡೆಯಲೇ ಇಲ್ಲವೆಂಬಂತೆ ಎರಡು ಕಡೆಯೂ ಮೊದಲಿದ್ದ ಸ್ಥಿತಿಗೆ ಬಂದವು. ಹಣ ಹಿಂದಕ್ಕೆ ಬರುವುದು ನ್ಯಾಯವೆನ್ನಿಸುವುದು ವಸ್ತು ಹಿಂದಕ್ಕೆ ಹೋದುದರಿಂದ.

ಇ-ಪುಸ್ತಕದಲ್ಲಿ ಈ ಮೂರರಲ್ಲಿ ಯಾವುದು ನಡೆಯುತ್ತದೆ? ಗುಂಡಿ ಒತ್ತಿದೊಡನೆ ಫೋನಿನಲ್ಲಿದ್ದ ಫೈಲು ಅಳಿದುಹೋಗುತ್ತದೆ, ನಿಜ. ಆದರೆ ಅದು ಎಲ್ಲಿಗೂ ಹಿಂದಿರುಗುವುದಿಲ್ಲ. ಶ್ರೀಧರ ಕೊಂಡಾಗ ಅಂಗಡಿಯ ಕಪಾಟಿನಲ್ಲಿ ಒಂದು ಪ್ರತಿ ಕಡಿಮೆಯಾಗಲಿಲ್ಲ. ಅವನು ಮರಳಿಸಿದಾಗ ಒಂದು ಹೆಚ್ಚಾಗಲೂ ಇಲ್ಲ. ಕಥೆಯಾದರೋ ಅವನ ತಲೆಯಲ್ಲಿ ಹಾಗೆಯೇ ಇದೆ. ಕೊಲೆ ಮಾಡಿದವರು ಯಾರೆಂಬುದನ್ನು ಮರೆತುಬಿಡು ಎಂದರೆ ಮರೆಯಲಾರ. ಹಾಗಾದರೆ ಹಿಂದಿರುಗಿದ್ದು ಯಾವುದು? ಹಣವೊಂದೇ. ಆ ಗುಂಡಿಯ ಮೇಲೆ ಪುಸ್ತಕ ಹಿಂದಿರುಗಿಸುವುದು ಎಂದು ಬರೆದಿದ್ದರೂ, ನಡೆಯುವುದು ಹಣ ಹಿಂದಕ್ಕೆ ಪಡೆಯುವುದು ಮಾತ್ರ. ಹಳೆಯ ಮಾತಿಗೆ ಹಳೆಯ ಮರ್ಯಾದೆಯಿದೆ. ಅದನ್ನು ಹೊಸ ಕೆಲಸಕ್ಕೆ ತೊಡಿಸಿದಾಗ ಆ ಮರ್ಯಾದೆಯೂ ಜೊತೆಗೆ ಬಂದುಬಿಡುತ್ತದೆ. ಹುಡುಗನಿಗೆ ತಪ್ಪೆನ್ನಿಸದಿದ್ದುದಕ್ಕೆ ಅರ್ಧ ಕಾರಣ ಈ ಮಾತೇ ಇರಬೇಕು.

ಇನ್ನು, ನಷ್ಟ ಯಾರಿಗೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಅದೇ ವರ್ಷ ಅಮೆರಿಕದಿಂದ ಬಂತು. ಅಮೆಜಾನ್ ಸಂಸ್ಥೆ ತನ್ನ ಇ-ಪುಸ್ತಕಗಳಿಗೆ ಏಳು ದಿನಗಳ ಅವಧಿ ಕೊಟ್ಟಿತ್ತು. ಓದುಗ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ತಾನೇ ಗುಂಡಿ ಒತ್ತಿ ಹಣ ಪಡೆಯಬಹುದಾಗಿತ್ತು. ಒಂದೇ ರಾತ್ರಿ ಪುಸ್ತಕವನ್ನೆಲ್ಲ ಓದಿ ಮರಳಿಸುವ ಉಪಾಯವನ್ನು 2022ರಲ್ಲಿ ಕೆಲವರು ಟಿಕ್‌ಟಾಕ್ ವಿಡಿಯೋಗಳಲ್ಲಿ ಇತರರಿಗೆ ಹೇಳಿಕೊಟ್ಟರು. ಸ್ವಂತವಾಗಿ ಪುಸ್ತಕ ಪ್ರಕಟಿಸುವ ಲೇಖಕರು ತಿಂಗಳ ಲೆಕ್ಕ ತೆರೆದು ನೋಡಿದಾಗ ಬಂದ ಹಣ ಹೊರಟುಹೋಗಿತ್ತು.

ಅದರ ಲೆಕ್ಕ ಹೀಗೆ. ಪುಸ್ತಕದ ಬೆಲೆ 4 ಡಾಲರು ಎಂದಿಟ್ಟುಕೊಳ್ಳೋಣ. ಆ ಬೆಲೆಯ ಪುಸ್ತಕಕ್ಕೆ ಲೇಖಕ ಆರಿಸಿಕೊಳ್ಳಬಹುದಾದ ರಾಯಲ್ಟಿ ನೂರಕ್ಕೆ 70. ಎಂದರೆ 2 ಡಾಲರು 80 ಸೆಂಟು. ಅದರಲ್ಲಿ ಫೈಲಿನ ಗಾತ್ರಕ್ಕೆ ತಕ್ಕಂತೆ ರವಾನೆಯ ಖರ್ಚೆಂದು ಚಿಲ್ಲರೆ ಹಣ ಮುರಿದುಕೊಳ್ಳುತ್ತಾರೆ; ಅದನ್ನು ಬಿಡೋಣ. ಒಂದು ತಿಂಗಳಲ್ಲಿ ನೂರು ಪ್ರತಿ ಮಾರಾಟವಾದರೆ 280 ಡಾಲರು. ಅವುಗಳಲ್ಲಿ ಇಪ್ಪತ್ತು ಮರಳಿದರೆ 56 ಡಾಲರು ಅದೇ ಲೆಕ್ಕದಿಂದ ಕಳೆದುಹೋಗುತ್ತದೆ. ಹೋದ ತಿಂಗಳು ಮಾರಾಟವಾದದ್ದು ಈ ತಿಂಗಳು ಮರಳಿ, ಈ ತಿಂಗಳು ಮಾರಾಟವೇ ಇಲ್ಲದಿದ್ದರೆ ಲೆಕ್ಕ ಸೊನ್ನೆಗಿಂತ ಕೆಳಗಿಳಿಯುತ್ತದೆ. ತನ್ನ ಪುಸ್ತಕವನ್ನು ಜನ ಓದಿದ್ದಕ್ಕಾಗಿ ಲೇಖಕನೇ ಸಾಲಗಾರನಾದಂತೆ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸಾಲದ ವಿಷಯದಲ್ಲಿ ಹುಟ್ಟಿದ್ದು. ಪುಸ್ತಕದ ವಿಷಯಕ್ಕೂ ಒಪ್ಪುತ್ತದೆಂದು ನನಗೆ ಆಗ ತಿಳಿಯಿತು.

ಅಮೆರಿಕದ ಲೇಖಕರ ಸಂಘ ಈ ದೂರನ್ನು ಅಮೆಜಾನಿನ ಮುಂದಿಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಒಂದು ಒಪ್ಪಂದದ ಸುದ್ದಿ ಬಂತು: ಪುಸ್ತಕದ ನೂರರಲ್ಲಿ ಹತ್ತು ಭಾಗಕ್ಕಿಂತ ಹೆಚ್ಚು ಓದಿದವನು ತಾನೇ ಗುಂಡಿ ಒತ್ತಿ ಮರಳಿಸುವಂತಿಲ್ಲ, ಅಂಗಡಿಯವರಿಗೆ ಬರೆದು ಕೇಳಿಕೊಳ್ಳಬೇಕು, ಅವರು ವಿಚಾರಿಸಿ ತೀರ್ಮಾನಿಸಬೇಕು. ಆ ವರ್ಷದ ಕೊನೆಯೊಳಗೆ ಇದನ್ನು ಜಾರಿಗೆ ತರುವುದೆಂದು ಗೊತ್ತಾಯಿತು.

ಇಷ್ಟನ್ನು ಕೇಳಿ, ಮರಳಿಸುವ ಏರ್ಪಾಟೇ ಇಲ್ಲದಿದ್ದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿಯಾರು. ಅದು ಸರಿಯಲ್ಲ. ಪುಸ್ತಕದಂಗಡಿಯಲ್ಲಿ ನಾವು ಕಪಾಟಿನ ಮುಂದೆ ನಿಂತು ಹಾಳೆ ತಿರುವಿ ನೋಡುತ್ತೇವೆ, ಅಚ್ಚು ಹೇಗಿದೆ ನೋಡುತ್ತೇವೆ, ನಡುವಿನ ಒಂದು ಪುಟ ಓದುತ್ತೇವೆ. ಇಲ್ಲಿ ಮುಖಪುಟದ ಚಿತ್ರ, ಮೊದಲ ಕೆಲವು ಪುಟಗಳ ಮಾದರಿ, ಇವಿಷ್ಟನ್ನೇ ನಂಬಿ ಹಣ ಕೊಡಬೇಕು. ಬೆರಳು ಜಾರಿ ಬೇಡದ ಪುಸ್ತಕ ಕೊಂಡದ್ದೂ ಉಂಟು. ಹಳೆಯ ಕಾಲದವನು ತಪ್ಪು ಪುಸ್ತಕ ಕೊಂಡರೆ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗಾದರೂ ಮಾರಿಬಿಡುತ್ತಿದ್ದ. ಇ-ಪುಸ್ತಕಕ್ಕೆ ಆ ದಾರಿಯೂ ಇಲ್ಲ. ಯೂರೋಪಿನ ಉಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎರಡು ಸಲ ಎತ್ತಿಕೊಂಡಿತು. ಕಾಲಮಿತಿಯಿಲ್ಲದೆ ಕೊಂಡ ಸಾಫ್ಟ್‌ವೇರ್ ಲೈಸೆನ್ಸನ್ನು, ತನ್ನ ಪ್ರತಿಯನ್ನು ಕೆಲಸಕ್ಕೆ ಬಾರದಂತೆ ಮಾಡಿ, ಇನ್ನೊಬ್ಬರಿಗೆ ಮಾರಬಹುದೆಂದು 2012ರಲ್ಲಿ ಹೇಳಿತು. ಆದರೆ ಇ-ಪುಸ್ತಕಕ್ಕೆ ಆ ಅವಕಾಶವಿಲ್ಲವೆಂದು 2019ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಹಳೆಯ ಪ್ರತಿಯೂ ಹೊಸದರಷ್ಟೇ ಚೆನ್ನಾಗಿರುತ್ತದಲ್ಲ, ಲೇಖಕನ ಪಾಲಿಗೆ ಅದು ಸವೆದ ಪುಸ್ತಕವಲ್ಲ ಎಂಬುದು ಅದರ ವಾದದ ಒಂದು ಎಳೆ. ಹೀಗಿರುವಾಗ ತಪ್ಪಾಗಿ ಕೊಂಡವನಿಗೆ ಹೊರಕ್ಕೆ ಬರಲು ಉಳಿದಿರುವ ಬಾಗಿಲು ಈ ಗುಂಡಿಯೊಂದೇ. ಅದನ್ನೂ ಮುಚ್ಚಿದರೆ ಅಂಗಡಿಯವನು ಕೊಟ್ಟದ್ದೇ ಪ್ರಸಾದವಾಗುತ್ತದೆ.

ಆದ್ದರಿಂದ ನಿಯಮ ಮಾಡುವವರ ಕಷ್ಟ ಇದು: ರುಚಿ ನೋಡಿದವನನ್ನೂ ಊಟ ಮಾಡಿದವನನ್ನೂ ಬೇರೆ ಮಾಡುವುದು ಹೇಗೆ? ಮನಸ್ಸಿನೊಳಗೆ ಇಣುಕಿ ನೋಡುವಂತಿಲ್ಲ. ಹೊರಗಿನಿಂದ ಅಳೆಯಬಹುದಾದ ಯಾವುದಾದರೊಂದನ್ನು ಹಿಡಿಯಬೇಕು. ಇದುವರೆಗೆ ಅವರು ಹಿಡಿದಿರುವ ಅಳತೆಗಳು ಮುಖ್ಯವಾಗಿ ಮೂರು.

ಮೊದಲನೆಯದು ಗಡಿಯಾರ. ಇಷ್ಟು ದಿನದೊಳಗೆ ಬಂದರೆ ಸರಿ, ತಡವಾದರೆ ಇಲ್ಲ. ಇದು ಸುಲಭ, ಜಗಳಕ್ಕೆ ಎಡೆಯಿಲ್ಲ. ಆದರೆ ಗಡಿಯಾರಕ್ಕೆ ಓದು ಗೊತ್ತಾಗುವುದಿಲ್ಲ. ಶ್ರೀಧರನಂಥವನು ಎರಡು ರಾತ್ರಿಯಲ್ಲಿ ಮುನ್ನೂರು ಪುಟ ಮುಗಿಸಿ ಹಣ ಪಡೆದಾನು; ಪುಸ್ತಕ ಕೊಂಡು ಜ್ವರ ಬಂದು ಮಲಗಿದವನು ಎಂಟನೆಯ ದಿನ ಮೊದಲ ಪುಟ ತೆರೆದು, ಅಕ್ಷರವೆಲ್ಲ ಕಲಸಿಹೋಗಿರುವುದನ್ನು ಕಂಡು ಕೈ ಹಿಸುಕಿಕೊಂಡಾನು.

ಎರಡನೆಯದು ಪ್ರಮಾಣ. ಎಷ್ಟು ಓದಿದೆ, ಎಷ್ಟು ಹೊತ್ತು ಆಡಿದೆ ಎಂಬ ಲೆಕ್ಕ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂಗಡಿ 2015ರ ಜೂನಿನಲ್ಲಿ ಈ ಪದ್ಧತಿ ತಂದಿತು: ಕೊಂಡು 14 ದಿನ ಮೀರಿರಬಾರದು, ಎರಡು ಗಂಟೆಗಿಂತ ಹೆಚ್ಚು ಆಡಿರಬಾರದು. ನಲವತ್ತು ಗಂಟೆಯ ಆಟಕ್ಕೆ ಇದು ನ್ಯಾಯವಾದ ಅಳತೆ. ಆದರೆ ಆಟವೇ ಎರಡು ಗಂಟೆಯೊಳಗೆ ಮುಗಿಯುವಂಥದಾದರೆ? 2021ರ ಆಗಸ್ಟಿನಲ್ಲಿ ‘ಸಮ್ಮರ್ ಆಫ್ ಫಿಫ್ಟಿ-ಎಯ್ಟ್’ ಎಂಬ ಪುಟ್ಟ ಆಟವನ್ನು ರಚಿಸಿದವರು ಇನ್ನು ಆಟ ತಯಾರಿಸುವುದನ್ನು ಬಿಡುತ್ತೇನೆಂದು ಪ್ರಕಟಿಸಿದರು. ಆಡಿದವರು ಮೆಚ್ಚಿ ಬರೆದಿದ್ದರು. ಆದರೆ ಆಟ ಚಿಕ್ಕದಾದ್ದರಿಂದ ಮುಗಿಸಿಯೂ ನಿಯಮದೊಳಗೇ ಇದ್ದು ಅನೇಕರು ಹಣ ವಾಪಸು ಪಡೆದಿದ್ದರು. ಸಣ್ಣಕಥೆ ಬರೆಯುವವನು ಕಾದಂಬರಿಯ ತಕ್ಕಡಿಯಲ್ಲಿ ಕುಳಿತಂತಾಯಿತು ಅವರ ಪಾಡು.

ಪ್ರಮಾಣದ ಅಳತೆಗೆ ಇನ್ನೊಂದು ಬೆಲೆಯೂ ಉಂಟು; ಅದನ್ನು ಜನ ಗಮನಿಸುವುದಿಲ್ಲ. ನಾನು ನೂರರಲ್ಲಿ ಹತ್ತು ಭಾಗ ಓದಿದೆನೋ ಹನ್ನೊಂದೋ ಎಂದು ಅಂಗಡಿಯವನಿಗೆ ತಿಳಿಯಬೇಕಾದರೆ, ನಾನು ಪುಟ ತಿರುವುವುದನ್ನು ಅವನು ನೋಡುತ್ತಿರಬೇಕು. ಲೇಖಕನಿಗೆ ನ್ಯಾಯ ದೊರಕಿಸಲು ಓದುಗನ ಹೆಗಲ ಹಿಂದೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದಂತೆ. ಅವನು ಈ ಗುಂಡಿಗಾಗಿಯೇ ಹೊಸದಾಗಿ ಬಂದವನಲ್ಲ, ಮೊದಲೇ ಅಲ್ಲಿದ್ದವನು. ಆದರೂ ನಮ್ಮಲ್ಲಿ ಕೆಲವರ ಅಪ್ರಾಮಾಣಿಕತೆ ಅವನ ನೌಕರಿಯನ್ನು ಕಾಯಂ ಮಾಡಿಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಮೂರನೆಯದು ಒಪ್ಪಿಗೆ. ಇದು ಯೂರೋಪಿನ ಒಕ್ಕೂಟ ಹಿಡಿದ ದಾರಿ. ಅಲ್ಲಿ 2011ರಲ್ಲಿ ಆದ, 2014ರ ಜೂನಿನಿಂದ ನಡೆದುಬಂದಿರುವ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ದೂರದಿಂದ ಕೊಂಡ ಸರಕನ್ನು 14 ದಿನದೊಳಗೆ ಕಾರಣ ಹೇಳದೆ ಬೇಡವೆನ್ನಬಹುದು. ಇ-ಪುಸ್ತಕ ಮೊದಲಾದವುಗಳಿಗೂ ಈ ಹಕ್ಕು ಇದೆ. ಆದರೆ ಅದು ಕಳೆದುಹೋಗುವ ಒಂದು ಕ್ಷಣವೂ ಇದೆ. ಫೈಲು ಇಳಿಸಿಕೊಳ್ಳಲು ತೊಡಗುವ ಮುನ್ನ ಅಂಗಡಿಯವನು ಎರಡು ಮಾತಿಗೆ ಒಪ್ಪಿಗೆ ಪಡೆಯಬೇಕು: ಈಗಲೇ ಕೊಡಿ ಎಂದು ಗ್ರಾಹಕ ಸ್ಪಷ್ಟವಾಗಿ ಹೇಳಬೇಕು, ಹೀಗೆ ಕೇಳಿದ್ದರಿಂದ ನನ್ನ ಹಕ್ಕು ಹೋಗುತ್ತದೆಂದು ಬಲ್ಲೆ ಎಂದೂ ಒಪ್ಪಬೇಕು. ಈ ಎರಡನ್ನೂ ಕೇಳಿ ಪಡೆದರೆ, ಹಕ್ಕು ಮುಗಿಯಿತು. ಕೇಳಲು ಅಂಗಡಿಯವನು ಮರೆತನೋ, ಗ್ರಾಹಕ ಪೂರ್ತಿ ಓದಿದ ಮೇಲೂ ಬೇಡವೆನ್ನಬಹುದು. ಓದಿದ್ದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ಭಾರವನ್ನೆಲ್ಲ ಮಾರುವವನ ಮೇಲೆ ಹೊರಿಸಿದ ಈ ಕಾನೂನು ನನಗೆ ಮೆಚ್ಚಿಕೆಯಾಯಿತು. ಇದಕ್ಕೆ ಯಾರನ್ನೂ ಕಾವಲು ಕಾಯುವ ಅಗತ್ಯವಿಲ್ಲ. ನೀನು ವಯಸ್ಸಿಗೆ ಬಂದವನು, ಏನು ಮಾಡುತ್ತಿದ್ದೀಯೆಂದು ತಿಳಿದು ಮಾಡು, ಎಂದು ಅದು ಹೇಳುತ್ತದೆ. ಇದರ ಕೊರತೆಯೆಂದರೆ, ರಾತ್ರಿ ಹನ್ನೊಂದಕ್ಕೆ ಪುಸ್ತಕದ ಆಸೆಯಲ್ಲಿರುವವನು ಆ ಎರಡು ಸಾಲನ್ನು ಓದದೆ ಗುರುತು ಹಾಕಿಬಿಡುತ್ತಾನೆ. ಒಪ್ಪಿಗೆ ಕಾಗದದ ಮೇಲೆ ಉಳಿಯುತ್ತದೆ, ತಿಳಿವಳಿಕೆ ಉಳಿಯುವುದಿಲ್ಲ.

ಒಪ್ಪಿಗೆಯ ಮಾತು ಬಂದಾಗ ಮಕ್ಕಳ ಆಟಗಳ ನಾಣ್ಯದ ವಿಷಯವನ್ನೂ ಒಂದಿಷ್ಟು ಹೇಳಬೇಕು. ಆಟದೊಳಗೆ ಖರ್ಚು ಮಾಡಲು ಹಣ ಕೊಟ್ಟು ಕೊಳ್ಳುವ ನಾಣ್ಯಗಳಿವೆ. ಖರ್ಚಾಗದೆ ಉಳಿದದ್ದನ್ನು ಮರಳಿಸುವುದು ಸುಲಭ. ಅದು ಮಡಿಕೆ ಮುರಿಯದ ಸೀರೆಯ ಹಾಗೆ. ಖರ್ಚಾದದ್ದನ್ನು ಯಾರೂ ವಾಪಸು ತೆಗೆದುಕೊಳ್ಳರು, ಅದೂ ನ್ಯಾಯವೇ. ಆದರೆ ಖರ್ಚು ಮಾಡಿದವರು ಯಾರು? ಆಪಲ್ ಸಂಸ್ಥೆಯ ಅಂಗಡಿಯಲ್ಲಿ ತಂದೆತಾಯಿಗಳು ಒಮ್ಮೆ ಗುಪ್ತಪದ ಒತ್ತಿದರೆ ಮುಂದಿನ 15 ನಿಮಿಷ ಬಾಗಿಲು ತೆರೆದೇ ಇರುತ್ತಿತ್ತು. ಅಷ್ಟರಲ್ಲಿ ಮಗು ಎಷ್ಟು ಸಲ ಬೇಕಾದರೂ ಕೊಳ್ಳಬಹುದಾಗಿತ್ತು. 2014ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಡನೆ ಆದ ಒಪ್ಪಂದದಂತೆ ಆ ಸಂಸ್ಥೆ ಗ್ರಾಹಕರಿಗೆ ಕಡಮೆಯೆಂದರೆ 3 ಕೋಟಿ 25 ಲಕ್ಷ ಡಾಲರು ಹಿಂದಕ್ಕೆ ಕೊಡಬೇಕಾಯಿತು. ನಾಣ್ಯಗಳು ಖರ್ಚಾಗಿದ್ದವು, ಆಟ ಮುಗಿದಿತ್ತು; ಆದರೂ ಹಣ ಮರಳಿದ್ದು ಸರಿ. ಏಕೆಂದರೆ ಕೊಳ್ಳುತ್ತೇನೆಂದು ಹೇಳಬೇಕಾದವರು ಹೇಳಿರಲೇ ಇಲ್ಲ.

ಇಲ್ಲಿಯವರೆಗೆ ನಾನು ಹೇಳಿದ್ದು ಬಹುಮಟ್ಟಿಗೆ ಮನಸ್ಸು ಬದಲಾದವನ ವಿಷಯ. ವಸ್ತುವೇ ಕೆಟ್ಟದ್ದಾದರೆ ಮಾತೇ ಬೇರೆ. ಎರಡನ್ನೂ ಕೂಡಿಸಿದರೆ ಗೊಂದಲವಾಗುತ್ತದೆ; ಅಂಗಡಿಗಳೂ ಎಷ್ಟೋ ಸಲ ಬೇಕೆಂದೇ ಕೂಡಿಸುತ್ತವೆ. ಸ್ಟೀಮ್ ಅಂಗಡಿಯ ಒಡೆಯರಾದ ವಾಲ್ವ್ ಸಂಸ್ಥೆ ಮೊದಲು ಯಾವ ಕಾರಣಕ್ಕೂ ಹಣ ವಾಪಸಿಲ್ಲವೆಂದು ಗ್ರಾಹಕರಿಗೆ ಹೇಳುತ್ತಿತ್ತು. ಆಸ್ಟ್ರೇಲಿಯದ ಕಾನೂನಿನಲ್ಲಿ ಸಾಫ್ಟ್‌ವೇರೂ ಸರಕೇ. ಸರಕೆಂದ ಮೇಲೆ ತಕ್ಕ ಗುಣಮಟ್ಟದ್ದಾಗಿರಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು. ಆ ಹೊಣೆಯನ್ನು ಯಾವ ಕರಾರಿನಿಂದಲೂ ಕಳಚಿಕೊಳ್ಳುವಂತಿಲ್ಲ. ಸಂಸ್ಥೆ ಗ್ರಾಹಕರನ್ನು ತಪ್ಪುದಾರಿಗೆಳೆಯಿತೆಂದು ಅಲ್ಲಿಯ ನ್ಯಾಯಾಲಯ 2016ರ ಮಾರ್ಚಿನಲ್ಲಿ ತೀರ್ಮಾನಿಸಿ, ಡಿಸೆಂಬರಿನಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರು ದಂಡ ಹಾಕಿತು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದೇ ಜಾಡಿನದು. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲವಾದರೆ 30 ದಿನದೊಳಗೆ, ಹಣ ಕೊಡದಿರುವುದನ್ನು ಅದು ಅನ್ಯಾಯದ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ಆದರೆ ಮನಸ್ಸು ಬದಲಾಯಿತೆಂದು ಹಣ ಕೇಳುವ ಹಕ್ಕನ್ನು ಅದು ಕೊಟ್ಟಿಲ್ಲ. ಆ ಬಗೆಯ ಮರಳಿಕೆ ಇಲ್ಲಿ ಅಂಗಡಿಯವನ ಸೌಜನ್ಯ. ಹೆಚ್ಚೆಂದರೆ ಅವನೇ ಕೊಟ್ಟ ಮಾತು. ಶ್ರೀಧರ ಒತ್ತಿದ್ದು ಹಕ್ಕಿನ ಗುಂಡಿಯನ್ನಲ್ಲ, ವಿಶ್ವಾಸದ ಗುಂಡಿಯನ್ನು.

ಅಂಗಡಿಯವರ ಪರವಾಗಿಯೇ ಮಾತಾಡುತ್ತಿದ್ದೇನೆಂದು ಓದುಗರು ಭಾವಿಸಬಾರದು. ಈ ಪ್ರಶ್ನೆಯ ಇನ್ನೊಂದು ಮುಖವನ್ನು ನೋಡಿದಾಗಲೇ ನನಗೆ ಶ್ರೀಧರನಿಗೆ ಹೇಳಬೇಕಾದ ಉತ್ತರ ಸಿಕ್ಕಿದ್ದು. 2009ರ ಜುಲೈ ತಿಂಗಳಲ್ಲಿ ಅಮೆರಿಕದ ಕೆಲವು ಓದುಗರು ತಮ್ಮ ಕಿಂಡಲ್ ಎಂಬ ಓದುವ ಯಂತ್ರವನ್ನು ತೆರೆದಾಗ, ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ಲನ ‘1984’ ಮತ್ತು ‘ಅನಿಮಲ್ ಫಾರ್ಮ್’ ಪುಸ್ತಕಗಳು ಅಲ್ಲಿರಲಿಲ್ಲ. ಆ ಪ್ರತಿಗಳನ್ನು ಮಾರಾಟಕ್ಕಿಟ್ಟವರಿಗೆ ಅಮೆರಿಕದಲ್ಲಿ ಅವುಗಳನ್ನು ಪ್ರಕಟಿಸುವ ಹಕ್ಕಿರಲಿಲ್ಲವೆಂದು ತಿಳಿದ ಅಮೆಜಾನ್, ದೂರದಿಂದಲೇ ಪುಸ್ತಕಗಳನ್ನು ಅಳಿಸಿ ಪೂರ್ತಿ ಹಣವನ್ನು ಓದುಗರ ಖಾತೆಗೆ ಹಾಕಿಬಿಟ್ಟಿತ್ತು. ಮಿಷಿಗನ್ನಿನ ಒಬ್ಬ ವಿದ್ಯಾರ್ಥಿ ಬೇಸಗೆಯ ಪಾಠಕ್ಕಾಗಿ ಆ ಪುಸ್ತಕದ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಪುಸ್ತಕ ಹೋದ ಮೇಲೆ, ಯಾವ ಸಾಲಿಗೆ ಬರೆದದ್ದೆಂದು ತಿಳಿಯದೆ ಆ ಟಿಪ್ಪಣಿಗಳು ಅನಾಥವಾದವು. ಅವನು ನ್ಯಾಯಾಲಯಕ್ಕೆ ಹೋದ. ಸಂಸ್ಥೆಯ ಮುಖ್ಯಸ್ಥರು, ತಾವು ಮಾಡಿದ್ದು ಅವಿವೇಕವೆಂದು ಬಹಿರಂಗವಾಗಿ ಕ್ಷಮೆ ಕೇಳಿದರು.

ಹತ್ತು ವರ್ಷದ ಮೇಲೆ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಪುಸ್ತಕದಂಗಡಿಯನ್ನು ಮುಚ್ಚಿತು. 2019ರ ಏಪ್ರಿಲಿನಲ್ಲಿ ಪ್ರಕಟಣೆ ಹೊರಟಿತು. ಜುಲೈ ಬಂದಾಗ, ಓದುಗರು ಕೊಂಡಿದ್ದ ಪುಸ್ತಕಗಳೆಲ್ಲ ಅವರ ಯಂತ್ರಗಳಿಂದ ಮಾಯವಾದವು. ಎಲ್ಲರಿಗೂ ಪೂರ್ತಿ ಹಣ ಮರಳಿಸಿದರು. ಪುಸ್ತಕಗಳಲ್ಲಿ ಗುರುತು ಹಾಕಿಕೊಂಡು ಟಿಪ್ಪಣಿ ಬರೆದಿದ್ದವರಿಗೆ 25 ಡಾಲರು ಹೆಚ್ಚಾಗಿ ಕೊಟ್ಟರು. ಆ 25 ಡಾಲರು ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಬೆಲೆ ಕೊಟ್ಟರೂ ಏನೋ ಉಳಿಯಿತು ಎಂದು ಅಂಗಡಿಯವರೇ ಒಪ್ಪಿಕೊಂಡ ಮೊತ್ತ ಅದು. ಉಳಿದದ್ದಕ್ಕೆ ಬೆಲೆ ಕಟ್ಟುವುದು ಹೇಗೆಂದು ತಿಳಿಯದೆ ಒಂದು ಅಂಕಿ ಬರೆದಿದ್ದರು.

ಹಣ ಪೂರ್ತಿ ಬಂದಿತ್ತಲ್ಲ, ಆ ಓದುಗರಿಗೆ ನೋವೇಕಾಯಿತು? ಕಪಾಟಿನಿಂದ ನಮ್ಮ ಪುಸ್ತಕವನ್ನು ಯಾರೋ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ನೋಟು ಇಟ್ಟುಹೋದರೆ ಸಮಾಧಾನವಾಗುತ್ತದೆಯೆ? ಬೆಲೆ ಮರಳಿದರೂ ವ್ಯಾಪಾರ ಅಳಿಯಲಿಲ್ಲ. ಅದರ ಮೂಲಕ ಅವರ ಬದುಕಿನೊಳಕ್ಕೆ ಬಂದಿದ್ದ ಏನನ್ನೋ ಕಿತ್ತುಕೊಂಡಂತಾಯಿತು. ಈಗ ಇದನ್ನು ತಿರುಗಿಸಿ ನೋಡೋಣ. ಶ್ರೀಧರನ ಕೈಯಿಂದ ಪುಸ್ತಕ ಹೋಯಿತು, ಹಣ ಬಂತು. ಆದರೂ ವ್ಯಾಪಾರ ಅಳಿಯಲಿಲ್ಲ. ಅದರ ಮೂಲಕ ಅವನೊಳಕ್ಕೆ ಬಂದದ್ದು ಅವನಲ್ಲೇ ಉಳಿಯಿತು. ಹಣ ಕೊಟ್ಟುಬಿಟ್ಟೆವು, ಇನ್ನೇನು ಎಂಬ ಅಂಗಡಿಯವರ ಮಾತು ತಪ್ಪಾದರೆ, ಫೈಲು ಅಳಿಸಿಬಿಟ್ಟೆ, ಇನ್ನೇನು ಎಂಬ ಓದುಗನ ಮಾತೂ ತಪ್ಪು. ಎರಡಕ್ಕೂ ಒಂದೇ ಬೇರು: ಪುಸ್ತಕವೆಂದರೆ ಫೈಲು ಎಂದೂ, ಕೊಳ್ಳುವುದೆಂದರೆ ಅಂಕಿಯ ವರ್ಗಾವಣೆ ಎಂದೂ ತಿಳಿಯುವುದು.

ಹಾಗಾದರೆ ಯಾವಾಗ ಹಣ ಕೇಳಬಹುದು? ನನಗೆ ತೋರುವ ಉತ್ತರ ಸರಳವಾದದ್ದು. ಕೊಡುತ್ತೇನೆಂದದ್ದು ನನಗೆ ತಲಪದಿದ್ದರೆ ಕೇಳಬಹುದು. ಕೊಳ್ಳುತ್ತೇನೆಂದು ನಾನು ನಿಜವಾಗಿ ಹೇಳಿರದಿದ್ದರೆ ಕೇಳಬಹುದು. ಅಕ್ಷರ ಕಲಸಿದ ಪುಸ್ತಕ, ತೆರೆಯದ ಆಟ, ಬೆರಳು ಜಾರಿದ ಖರೀದಿ, ಮಗುವಿನ ಕೈತಪ್ಪು, ಜಾಹೀರಾತಿನ ಸುಳ್ಳು, ಎಲ್ಲ ಇದರಲ್ಲಿ ಅಡಗುತ್ತವೆ. ನಾಲ್ಕು ಪುಟ ಓದಿ ಇದು ನನಗಲ್ಲವೆಂದು ಕೆಳಗಿಟ್ಟವನೂ ಅಡಗುತ್ತಾನೆ. ಬೇಕಾದದ್ದು ತಲಪಿದ ಮೇಲೆ ಕೇಳಬಾರದು. ದಿನ ಎಷ್ಟಾಯಿತು, ಭಾಗ ಎಷ್ಟಾಯಿತು ಎಂಬುದು ಅಂಗಡಿಯವನು ನನ್ನನ್ನು ಅಳೆಯುವ ಕೋಲು. ನಾನು ನನ್ನನ್ನು ಅಳೆದುಕೊಳ್ಳುವ ಕೋಲಲ್ಲ.

ಹೀಗೆಲ್ಲ ಯೋಚಿಸಿ, ಶ್ರೀಧರ ಬಂದಾಗ ಹೇಳಬೇಕೆಂದು ಮಾತನ್ನು ಕಟ್ಟಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಕಳೆದ ವರ್ಷ ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ವೈದ್ಯರು ಆಹಾರದ ಪಟ್ಟಿ ಬರೆದುಕೊಟ್ಟರು. ಅದರಲ್ಲಿ ಮುದ್ದೆ ಎಷ್ಟು, ಅನ್ನ ಎಷ್ಟು ಎಂಬುದು ನನಗೆ ಸ್ಪಷ್ಟವಾಗಲಿಲ್ಲ. ರಾತ್ರಿ ಫೋನಿನಲ್ಲಿ ಹುಡುಕಿ ಆ ವಿಷಯದ ಇಂಗ್ಲಿಷ್ ಪುಸ್ತಕವೊಂದನ್ನು 399 ರೂಪಾಯಿ ಕೊಟ್ಟು ಕೊಂಡೆ. ಒಂದು ಅಧ್ಯಾಯ ಓದಿದೆ. ಧಾನ್ಯಗಳ ಕೋಷ್ಟಕವನ್ನು ಕಾಗದದ ಮೇಲೆ ಬರೆದುಕೊಂಡು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ. ಮಿಕ್ಕ ಪುಸ್ತಕ ನನಗೆ ಬೇಕಿರಲಿಲ್ಲ. ಎರಡನೆಯ ದಿನ ಗುಂಡಿ ಒತ್ತಿದೆ. ಹತ್ತು ಭಾಗ ಓದಿರಲಿಲ್ಲವಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಹಣ ಬಂತು. ನನಗೆ ಏನೂ ಅನ್ನಿಸಲಿಲ್ಲ.

ಅದಾದ ಒಂದು ವಾರಕ್ಕೆ ಶ್ರೀಧರ ಅತ್ತೆಯನ್ನು ನೋಡಲು ಬಂದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೋಷ್ಟಕವನ್ನು ಓದಿ, “ಚೆನ್ನಾಗಿದೆಯಲ್ಲ ಮಾವ, ಯಾವ ಪುಸ್ತಕದ್ದು?” ಎಂದ. ಹೇಳಿದೆ. “ಎಲ್ಲಿ, ಕೊಡಿ ನೋಡೋಣ” ಎಂದು ಕೈ ಚಾಚಿದ. ಕೊಡಲು ನನ್ನ ಬಳಿ ಪುಸ್ತಕವಿರಲಿಲ್ಲ. ಕಟ್ಟಿಟ್ಟುಕೊಂಡಿದ್ದ ಮಾತೂ ಎಲ್ಲಿಗೋ ಹೋಗಿತ್ತು. ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಸಂಜೆ ಪುಸ್ತಕವನ್ನು ಮತ್ತೆ ಕೊಂಡೆ. ಅಷ್ಟರಲ್ಲಿ ಬೆಲೆ 449 ರೂಪಾಯಿಗೆ ಏರಿತ್ತು. ಅದನ್ನು ಕೇಳಿದ ಮೇಲೆ ಶ್ರೀಧರ ನಕ್ಕ. “ಐವತ್ತು ರೂಪಾಯಿ ಬಡ್ಡಿ, ಮಾವ” ಎಂದ. ಕೋಷ್ಟಕ ಈಗಲೂ ಬಾಗಿಲ ಮೇಲಿದೆ. ಮಿಕ್ಕ ಅಧ್ಯಾಯಗಳನ್ನು ನಾನು ಇನ್ನೂ ಓದಿಲ್ಲ.